ಮನೆಗೆ ಒಯ್ದ ಸಾಮಾನಿಗೂ ಚೀಟಿ

ಅಪ್ಪ, ನಾನು, ನನ್ನ ಹೆಂಡತಿ, ಮೂವರೂ ಕೂರುವ ಅಂಗಡಿ ನಮ್ಮದು. ಮನೆ ಖರ್ಚಿಗೂ ಅದೇ ಗಲ್ಲಾ. ಅದು ಎಂದೂ ಬರಿದಾಗುತ್ತಿರಲಿಲ್ಲ, ಹಾಗಾಗಿ ಲಾಭವಿದೆ ಅಂತಲೇ ಎಲ್ಲರ ನಂಬಿಕೆ.

ಅಂಗಡಿಗೆ ಬೇರೆ ಬ್ಯಾಂಕ್ ಖಾತೆ ತೆರೆದದ್ದು ಸುಲಭದ ಕೆಲಸ. ಕಷ್ಟವಿದ್ದದ್ದು ಗಲ್ಲಾದಲ್ಲಿ. ಯಾರೇ ಹಣ ತೆಗೆಯಲಿ, ತಾರೀಖು, ಮೊತ್ತ, ‘ಮನೆ’ ಅಥವಾ ‘ಅಂಗಡಿ’ ಎಂದು ಬರೆದ ಚೀಟಿ ಒಳಗೆ ಬೀಳಬೇಕು ಎಂದು ಮಾಡಿದೆವು. ರಾತ್ರಿ ಗಲ್ಲಾದಲ್ಲಿರುವ ಹಣಕ್ಕೆ ಈ ಹಣದ ಚೀಟಿಗಳ ಮೊತ್ತ ಕೂಡಿಸಿ, ಬೆಳಿಗ್ಗೆ ಇಟ್ಟ ಚಿಲ್ಲರೆಯನ್ನೂ ವಸೂಲಾದ ಹಳೇ ಉದ್ರಿಯನ್ನೂ ಕಳೆದರೆ ಆ ದಿನದ ನಗದು ವ್ಯಾಪಾರ ಸಿಗುತ್ತದೆ. ನಗದು ಬಿಲ್ಲುಗಳ ಮೊತ್ತಕ್ಕಿಂತ ಅದು ಕಡಿಮೆ ಬಂದರೆ ಯಾರೋ ಚೀಟಿ ಹಾಕಿಲ್ಲ ಎಂದೇ ಮೊದಲ ಅನುಮಾನ.

ಕಪಾಟಿನಿಂದ ಮನೆಗೆ ಹೋಗುವ ಸಾಮಾನಿಗೂ ಚೀಟಿ ಎಂದಾಗ ಅಪ್ಪ ಸಿಡುಕಿದರು: “ನಮ್ಮ ಸಾಮಾನಿಗೆ ನಾವೇ ಲೆಕ್ಕ ಕೊಡಬೇಕೇನೋ?” ಕೊಡಬೇಕಿತ್ತು. ಆದರೆ ಮಾರುವ ದರದಲ್ಲಲ್ಲ, ಅಸಲಿನಲ್ಲಿ. ಮಾರುವ ದರ ಬರೆದರೆ ನಮಗೆ ನಾವೇ ಮಾರಿ ಲಾಭ ಮಾಡಿದಂತೆ ಕಾಣುತ್ತದೆ.

ತಿಂಗಳ ಮೊದಲ ದಿನವೂ ಕೊನೆಯ ದಿನವೂ ದಾಸ್ತಾನು ಎಣಿಸಿದೆವು. ಗಿರಾಕಿಗಳ ಉದ್ರಿ ಆ ತಿಂಗಳು ಹೆಚ್ಚುಕಮ್ಮಿ ಇದ್ದಷ್ಟೇ ಇತ್ತು, ಅದನ್ನು ಬಿಡುತ್ತೇನೆ. ಒಟ್ಟು ವ್ಯಾಪಾರ 100 ಎಂದು ಹಿಡಿದರೆ ಲೆಕ್ಕ ಹೀಗೆ: ಮೊದಲ ದಾಸ್ತಾನು 60, ಖರೀದಿ 86, ಕೊನೆಗೆ ಉಳಿದದ್ದು 62. ಅಂದರೆ 84ರ ಮಾಲು ಖಾಲಿಯಾಗಿದೆ. ಅದರಲ್ಲಿ 4 ಮನೆಗೆ ಹೋದದ್ದು, ಮಾರಿದ ಮಾಲಿನ ಅಸಲು 80. ಉಳಿದ 20ರಲ್ಲಿ ಕರೆಂಟು, ಕೆಲಸದವನ ಸಂಬಳ, ಸಾಗಾಣಿಕೆ ಎಲ್ಲ ಸೇರಿ 9 ಹೋಗಿ ನಿಂತದ್ದು 11.

ಮನೆ ತೆಗೆದದ್ದು ಎಷ್ಟು? ನಗದು 10, ಸಾಮಾನು 4, ಒಟ್ಟು 14. ಗಳಿಕೆಗಿಂತ 3 ಹೆಚ್ಚು. ಹಾಗಿದ್ದೂ ಗಲ್ಲಾ ತುಂಬಿಕೊಂಡೇ ಇತ್ತು! ಮಾಲು ಕೊಟ್ಟವರ ಪಟ್ಟಿ ತೆಗೆದಾಗ ಗುಟ್ಟು ಸಿಕ್ಕಿತು: ಅವರಿಗೆ ಕೊಡಬೇಕಾದ ಬಾಕಿ ಒಂದೇ ತಿಂಗಳಲ್ಲಿ 5 ಏರಿತ್ತು. ಅದರಲ್ಲಿ 2 ಹೆಚ್ಚುವರಿ ದಾಸ್ತಾನಾಗಿ ಕಪಾಟಿನಲ್ಲಿ ಕೂತಿತ್ತು, 3 ನಮ್ಮ ಮನೆ ಸೇರಿತ್ತು. ಗಲ್ಲಾ ನೋಡಿ ಲಾಭ ಹೇಳುವವರಿಗೆ ಈ ಸಾಲ ಕಣ್ಣಿಗೇ ಬೀಳುವುದಿಲ್ಲ.

ಆ 11 ಕೂಡ ಪೂರ್ತಿ ಅಂಗಡಿಯ ಲಾಭವಲ್ಲ. ನಾವು ಮೂವರು ಕೂರುವ ಹೊತ್ತಿಗೆ ಹೊರಗಿನವರನ್ನು ಇಟ್ಟರೆ 8ರಷ್ಟು ಸಂಬಳ ಕೊಡಬೇಕು. ಅದು ಕಳೆದರೆ 3. ಕಟ್ಟಡ ಸ್ವಂತದ್ದು, ಬಾಡಿಗೆ ಕೊಡಬೇಕಿದ್ದರೆ ಆ 3 ಕೂಡ ಉಳಿಯುತ್ತಿತ್ತೋ ಇಲ್ಲವೋ. ನನ್ನ ತಮ್ಮ ಪಾಲು ಕೇಳಿದಾಗ ಅಥವಾ ಎರಡನೇ ಅಂಗಡಿ ತೆರೆಯುವ ಮಾತು ಬಂದಾಗ ನಾನು ಮುಂದಿಡುವುದು ಈ 3ನ್ನೇ, 11ನ್ನಲ್ಲ.

ಈಗ ಮೂವರಿಗೂ ತಿಂಗಳ ಸಂಬಳ, ಒಟ್ಟು 8, ಅಂಗಡಿ ಖಾತೆಯಿಂದ ಮನೆ ಖಾತೆಗೆ ಹೋಗುತ್ತದೆ. ಒಯ್ದ ಸಾಮಾನಿನ ಚೀಟಿಗಳನ್ನು ಅದರಲ್ಲೇ ಕಳೆಯುತ್ತೇವೆ. ಉಳಿದ 3 ಮಾಲಿನವರ ಹಳೇ ಬಾಕಿಗೆ. ಮನೆಯಲ್ಲಿ ಕೈ ಬಿಗಿಯಾಗಿದೆ, ಅದರ ಬಗ್ಗೆ ಗೊಣಗಾಟವೂ ಇದೆ. ಅಪ್ಪ ಮಾತ್ರ ಚೀಟಿ ತಪ್ಪಿಸುವುದಿಲ್ಲ; ಮೊತ್ತ ಬರೆಯುವುದನ್ನು ಆಗಾಗ ಮರೆಯುತ್ತಾರೆ.