‘ಅದೊಂದು ಸೇರಿಸಿಬಿಡಿ’ ಎನ್ನುವ ಗ್ರಾಹಕರಿಗೆ ಇಮೇಲ್ ಬರೆಯುವುದು ಹೇಗೆ?

ಸ್ವತಂತ್ರವಾಗಿ ವೆಬ್‌ಸೈಟ್ ಮಾಡಿಕೊಡುವ ಗೆಳೆಯರು ಗ್ರಾಹಕರಿಗೆ ಕಳಿಸುವ ಮುನ್ನ ನನಗೆ ತೋರಿಸುವ ಸಂದೇಶಗಳಿಗೆಲ್ಲ ಒಂದೇ ಕಾಯಿಲೆ. ಸಿಟ್ಟು ಧಾರಾಳವಾಗಿರುತ್ತದೆ, ಬೆಲೆ ಇರುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಲ್ಲೇಶ್ವರದ ಸೀರೆ ಅಂಗಡಿಗೆ ಐದು ಪುಟಗಳ ವೆಬ್‌ಸೈಟ್, 60,000 ರೂಪಾಯಿ, ಎರಡು ಸುತ್ತು ತಿದ್ದುಪಡಿ ಎಂದು ಒಪ್ಪಂದ. ಅರ್ಧ ಕೆಲಸ ಮುಗಿದಾಗ ಮಾಲೀಕರ ಧ್ವನಿ ಸಂದೇಶ ಬರುತ್ತದೆ: ಪುಟಗಳೆಲ್ಲ ಕನ್ನಡದಲ್ಲೂ ಇರಲಿ, ಹಾಗೆಯೇ ಆನ್‌ಲೈನ್ ಪಾವತಿ ಸೇರಿಸಿಬಿಡಿ.

ಮೊದಲು ಸಿಟ್ಟಿನಲ್ಲೇ ಬರೆಯಿರಿ, ಆದರೆ ವಾಟ್ಸ್‌ಆ್ಯಪ್‌ನಲ್ಲಿ ಬೇಡ. ಬೆರಳು ಜಾರಿದರೂ ಯಾರಿಗೂ ಹೋಗದ ಜಾಗದಲ್ಲಿ ಬರೆಯಿರಿ.

‘ಸರ್, ಪ್ರತಿ ವಾರ ಹೊಸದೊಂದು ಹೇಳುತ್ತೀರಿ. ಇದೆಲ್ಲ ಮೊದಲೇ ಹೇಳಬೇಕಿತ್ತು. ಐದು ಪುಟ ಎಂದು ಮಾತಾಗಿತ್ತು. ಪಾವತಿ ಸೇರಿಸುವುದು ಎರಡು ದಿನದ ಕೆಲಸ. ಬಿಟ್ಟಿ ಮಾಡಲು ಆಗುವುದಿಲ್ಲ.’

ನಂತರ ಜರಡಿ ಹಿಡಿಯಿರಿ. ಎಲ್ಲರೂ ಎಡವುವುದು ಇಲ್ಲಿಯೇ. ಸಿಟ್ಟಿನ ಮಾತಿಗೆ ‘ದಯವಿಟ್ಟು’ ಅಂಟಿಸಿ ಕಳಿಸಿದರೆ ಅದು ವಿನಯದ ಬಟ್ಟೆ ತೊಟ್ಟ ಜಗಳವೇ. ಒಂದೊಂದು ವಾಕ್ಯವನ್ನೂ ಇದು ಯಾರ ಬಗ್ಗೆ ಎಂದು ಕೇಳಿ. ಮೊದಲೆರಡು ಗ್ರಾಹಕರ ಸ್ವಭಾವದ ಬಗ್ಗೆ, ಅಳಿಸಿ. ಮೂರನೆಯದು ಒಪ್ಪಂದ, ಅದಕ್ಕೆ ದಿನಾಂಕ ಸೇರಿಸಿ. ನಾಲ್ಕನೆಯದೇ ಇಡೀ ಸಂದೇಶದ ಜೀವಾಳ, ಅದನ್ನು ಗಂಟೆಗಳಾಗಿ ಬಿಡಿಸಿ. ಕೊನೆಯ ನಿರಾಕರಣೆಯ ಜಾಗದಲ್ಲಿ ದರ ಬರಲಿ.

ಗಂಟೆಗಳನ್ನು ಗಾಳಿಯಲ್ಲಿ ಹೇಳಬೇಡಿ. ಇಂಗ್ಲಿಷಿಗೆಂದು ಹೊಂದಿಸಿದ ಸಾಲುಗಳ ಅಂತರದಲ್ಲಿ ಕನ್ನಡದ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ, ಗುಂಡಿಗಳಲ್ಲಿ ಉದ್ದ ಪದಗಳು ಹಿಡಿಸುವುದಿಲ್ಲ. ಇವನ್ನೆಲ್ಲ ಸರಿಪಡಿಸಲು ಪುಟಕ್ಕೆ ಎರಡು ಗಂಟೆಯಂತೆ ಹತ್ತು ಗಂಟೆ. ಪಾವತಿಯೂ ಬರೀ ಒಂದು ಗುಂಡಿಯಲ್ಲ: ಸೇವಾ ಕಂಪನಿಗಳು ಹಣ ಮರುಪಾವತಿ ಮತ್ತು ಗೋಪ್ಯತೆಯ ನಿಯಮಗಳ ಪುಟ ಕೇಳುತ್ತವೆ, ಪರೀಕ್ಷಾ ಪಾವತಿಗಳನ್ನೂ ಮಾಡಿ ನೋಡಬೇಕು. ಅದಕ್ಕೆ ಹದಿನಾರು ಗಂಟೆ. ಗಂಟೆಗೆ 800 ರೂಪಾಯಿಯಾದರೆ 8,000 ಮತ್ತು 12,800.

ಈಗ ಇಮೇಲ್:

> ವಿಷಯ: ವೆಬ್‌ಸೈಟ್‌ಗೆ ಎರಡು ಹೊಸ ಸೇರ್ಪಡೆ – ನಿಮ್ಮ ಒಪ್ಪಿಗೆಗಾಗಿ
>
> ನಮಸ್ಕಾರ ಸರ್,
>
> ಮಂಗಳವಾರದ ಧ್ವನಿ ಸಂದೇಶದಲ್ಲಿ ಐದೂ ಪುಟಗಳ ಕನ್ನಡ ಆವೃತ್ತಿ ಮತ್ತು ಆನ್‌ಲೈನ್ ಪಾವತಿ ಬೇಕೆಂದು ಕೇಳಿದ್ದೀರಿ. ಮೇ 12ರ ಒಪ್ಪಂದದಲ್ಲಿ ಇವೆರಡೂ ಸೇರಿಲ್ಲ. ಮಾಡಿಕೊಡಬಲ್ಲೆ, ವಿವರ ಹೀಗಿದೆ.
>
> ಕನ್ನಡ ಆವೃತ್ತಿ: 8,000 ರೂ., ಹೆಚ್ಚುವರಿ ಮೂರು ದಿನ. ಕನ್ನಡ ಪಠ್ಯವನ್ನು ತಾವು ಒದಗಿಸಬೇಕು.
>
> ಆನ್‌ಲೈನ್ ಪಾವತಿ: 12,800 ರೂ., ಹೆಚ್ಚುವರಿ ನಾಲ್ಕು ದಿನ. ಪಾವತಿ ಸೇವಾ ಕಂಪನಿ ನಿಮ್ಮ ಖಾತೆಯನ್ನು ಅನುಮೋದಿಸಲು ಹಿಡಿಯುವ ಸಮಯ ಇದರಲ್ಲಿ ಸೇರಿಲ್ಲ.
>
> ಎರಡೂ ಬೇಕೆಂದರೆ ವೆಬ್‌ಸೈಟ್ ಜೂನ್ 20ರ ಬದಲು ಜೂನ್ 27ಕ್ಕೆ ಸಿದ್ಧವಾಗುತ್ತದೆ. ಈಗ ಬೇಡವೆಂದರೆ ಮೊದಲಿನ ಕೆಲಸವನ್ನು 20ಕ್ಕೇ ಒಪ್ಪಿಸುತ್ತೇನೆ.
>
> ಶುಕ್ರವಾರದೊಳಗೆ ಇದೇ ಇಮೇಲ್‌ಗೆ ಉತ್ತರಿಸಿ. ಅಲ್ಲಿಯವರೆಗೆ ಒಪ್ಪಿದ ಐದು ಪುಟಗಳ ಕೆಲಸ ಮುಂದುವರಿಸುತ್ತಿರುತ್ತೇನೆ.

ಇದರಲ್ಲಿ ‘ಕ್ಷಮಿಸಿ’ ಇಲ್ಲ. ಕೆಲಸಕ್ಕೆ ದರ ಹೇಳುವುದು ಕ್ಷಮೆ ಕೇಳುವ ಸಂಗತಿಯಲ್ಲ. ‘ತಮ್ಮ ಅಮೂಲ್ಯ ಬೇಡಿಕೆಗೆ ಧನ್ಯವಾದಗಳು’ ಎಂದು ಶುರುವಾಗುವ ಸಿದ್ಧ ಮಾದರಿಗಳು ಅಂತರ್ಜಾಲದಲ್ಲಿ ರಾಶಿ ಬಿದ್ದಿವೆ, ಅವನ್ನು ಮುಟ್ಟಬೇಡಿ. ಬೆಲೆ ಮೂರನೆಯ ಪ್ಯಾರಾಕ್ಕೆ ಬರುವಷ್ಟರಲ್ಲಿ ಅಂಗಡಿಯವರು ಓದುವುದನ್ನು ಬಿಟ್ಟಿರುತ್ತಾರೆ.

ಉತ್ತರ ಬರುವವರೆಗೆ ಹೊಸ ಕೆಲಸ ಮುಟ್ಟಬೇಡಿ. ಹೆಬ್ಬೆರಳಿನ ಚಿಹ್ನೆ ಬಂದರೆ ‘ಎರಡೂ ಬೇಕು, 20,800 ರೂಪಾಯಿಗೆ ಒಪ್ಪಿದ್ದೇನೆ’ ಎಂದು ಒಂದು ಸಾಲು ಬರೆಯಲು ಕೇಳಿ. ಫೋನಿನಲ್ಲಿ ಒಪ್ಪಿದರೆ ಆ ಮಾತನ್ನು ನೀವೇ ಇಮೇಲ್ ಮಾಡಿ, ಸರಿಯೆಂದು ಉತ್ತರ ತರಿಸಿಕೊಳ್ಳಿ. ವಿದ್ಯುನ್ಮಾನ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಒಪ್ಪಂದ ಅಸಿಂಧುವಾಗದು ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 10ಎ ಕಲಂ ಹೇಳುತ್ತದೆ. ಆ ಒಂದು ಸಾಲನ್ನು ಜೋಪಾನವಾಗಿಡಿ.

ಮೂಲ ಒಪ್ಪಂದದಲ್ಲಿ ‘ಪೂರ್ಣ ವೆಬ್‌ಸೈಟ್’ ಎಂದಷ್ಟೇ ಬರೆದಿದ್ದರೆ ಈ ಇಮೇಲ್ ನಿಲ್ಲುವುದಿಲ್ಲ. ಆಗ ‘60,000ಕ್ಕೆ ನಾನು ಲೆಕ್ಕ ಹಾಕಿದ್ದು ಈ ಕೆಲಸಗಳನ್ನು’ ಎಂದು ಪಟ್ಟಿ ಕಳಿಸಿ, ಮೊದಲು ಅದಕ್ಕೆ ಒಪ್ಪಿಗೆ ಪಡೆಯಿರಿ. ದರದ ಮಾತು ಆಮೇಲೆ.

ಹಳೆಯ ಗ್ರಾಹಕರೆಂದು ಏನಾದರೂ ಉಚಿತವಾಗಿ ಮಾಡಿಕೊಡುವುದಾದರೆ ಸುಮ್ಮನೆ ಮಾಡಬೇಡಿ. ಬಿಲ್ಲಿನಲ್ಲಿ ‘ಕನ್ನಡ ಆವೃತ್ತಿ: 8,000, ರಿಯಾಯಿತಿ 8,000’ ಎಂದು ನಮೂದಿಸಿ. ಮುಂದಿನ ಸಲ ಅದೇ ಕೆಲಸಕ್ಕೆ ದರ ಕೇಳಿದಾಗ ಅವರಿಗೆ ಹೊಸದೆನಿಸುವುದಿಲ್ಲ.