ಅಮ್ಮನ ವೀಲ್‌ಚೇರ್ ರ‍್ಯಾಂಪ್: 8.33 ಶೇಕಡಾ ಅಂದ್ರೆ ಎಷ್ಟು ಡಿಗ್ರಿ?

ನಮ್ಮ ಮನೆಯ ಜಗಲಿ ಅಂಗಳದಿಂದ 45 ಸೆಂ.ಮೀ. ಎತ್ತರ. ವೀಲ್‌ಚೇರ್ ರ‍್ಯಾಂಪಿಗೆ ಸಾಮಾನ್ಯವಾಗಿ ಹೇಳುವ ಮಿತಿ 1:12. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು, ಅಂದರೆ 8.33 ಶೇಕಡಾ. ಮೇಸ್ತ್ರಿ ಮೊಬೈಲಿನ ಲೆವೆಲ್ ಆ್ಯಪ್‌ನಲ್ಲಿ 8 ಡಿಗ್ರಿ ಬರುವಂತೆ ದಾರ ಕಟ್ಟಿದ್ದರು. ರ‍್ಯಾಂಪ್ ಬರೀ 3.2 ಮೀಟರಿಗೆ ಮುಗಿದಿತ್ತು. 45ನ್ನು 12ರಿಂದ ಗುಣಿಸಿದರೆ 5.4 ಮೀಟರ್ ಆಗಬೇಕಲ್ವಾ? ಅಲ್ಲೇ ಅನುಮಾನ ಬಂತು.

ಶೇಕಡಾ ಅಂದರೆ ಏರಿಕೆಯನ್ನು ನೆಲದ ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದ್ದು. ಡಿಗ್ರಿ ಕೋನದ ಅಳತೆ. 100 ಶೇಕಡಾ ಇಳಿಜಾರು ಎಂದರೆ 45 ಡಿಗ್ರಿ, 100 ಡಿಗ್ರಿ ಅಲ್ಲ. ಸ್ಪ್ರೆಡ್‌ಶೀಟಿನಲ್ಲಿ ಹೀಗೆ ಹಾಕಿದೆ:

```
=DEGREES(ATAN(8.33/100))
```

ಉತ್ತರ 4.76 ಡಿಗ್ರಿ. 8 ಡಿಗ್ರಿ ಅಂದರೆ ಸುಮಾರು 14 ಶೇಕಡಾ, ಅಂದರೆ 1:7. ತಳ್ಳುವವರಿಗೆ ತುಂಬಾ ಕಷ್ಟ, ಇಳಿಯುವಾಗ ಕುರ್ಚಿ ಕೈತಪ್ಪುವ ಭಯ ಬೇರೆ. ಕ್ಯಾಲ್ಕುಲೇಟರಿನಲ್ಲಿ ಇದೇ ATAN ಲೆಕ್ಕಕ್ಕೆ 0.083 ಬಂದರೆ ಅದು ರೇಡಿಯನ್‌ನಲ್ಲಿದೆ, 57.3ರಿಂದ ಗುಣಿಸಿ.

ದಾರ ಬಿಚ್ಚಿಸಿ 5.4 ಮೀಟರಿಗೆ ಮತ್ತೆ ಕಟ್ಟಿಸಿದೆವು. ಅಂಗಳದಲ್ಲಿ ಅಷ್ಟು ಜಾಗ ನೇರವಾಗಿ ಇರಲಿಲ್ಲ. ಹಾಗಾಗಿ ನಡುವೆ ಸಮತಟ್ಟಾದ ಕಟ್ಟೆ ಮಾಡಿ ತಿರುಗಿಸಿದೆವು. ಆ ಕಟ್ಟೆಯ ಉದ್ದವನ್ನು 5.4ರಲ್ಲಿ ಸೇರಿಸಬಾರದು.

ಕಾಂಕ್ರೀಟ್ ಒಣಗಿದ ಮೇಲೆ ನೇರವಾದ ಉದ್ದ ಪಟ್ಟಿಯ ಮೇಲೆ ಮೊಬೈಲ್ ಇಟ್ಟು ನೋಡಿದೆ. ಸುಮ್ನೆ ನೆಲದ ಮೇಲಿಟ್ಟರೆ ಚಿಕ್ಕ ಉಬ್ಬುತಗ್ಗೂ ಲೆಕ್ಕ ಕೆಡಿಸುತ್ತದೆ. ಮೊಬೈಲನ್ನು ಹಿಂದುಮುಂದು ತಿರುಗಿಸಿಯೂ ಅಳೆದೆ. ಎರಡೂ ಸಲ 4.7 ತೋರಿಸಿತು.