ಹಿರಿಯರ ತುರಿಕೆ: ಮದ್ದು ಬಚ್ಚಲಿನಿಂದ ಶುರುವಾಗಲಿ

ಎಪ್ಪತ್ತೈದರ ಆಸುಪಾಸಿನ ಅಜ್ಜಿಯೊಬ್ಬರಿದ್ದಾರೆ ಎಂದಿಟ್ಟುಕೊಳ್ಳಿ. ಡಿಸೆಂಬರ್ ಚಳಿ. ಬೆಳಿಗ್ಗೆ ಹಬೆಯಾಡುವ ನೀರು, ಮೈತುಂಬ ಸೋಪು. ರಾತ್ರಿಯಾದರೆ ಮೊಣಕಾಲಿನ ಕೆಳಗೆ ವಿಪರೀತ ನವೆ. ಅಲ್ಲಿನ ಚರ್ಮ ಹೊಟ್ಟೆದ್ದು, ಬತ್ತಿದ ಕೆರೆಯ ತಳದಂತೆ ಬಿರುಕು ಬಿಟ್ಟಿದೆ. ವಯಸ್ಸಾದಂತೆ ಚರ್ಮದಲ್ಲಿ ಜಿಡ್ಡು ಕಡಿಮೆಯಾಗುತ್ತದೆ. ಉಳಿದಷ್ಟನ್ನು ಬಿಸಿನೀರು, ಸೋಪು ತೊಳೆದುಬಿಡುತ್ತವೆ. ಸುಡುನೀರು ಆ ಕ್ಷಣಕ್ಕೆ ಹಿತವೆನಿಸುವುದೇ ತೊಂದರೆ.

ಮೊದಲು ಸ್ನಾನ ಬದಲಾಗಲಿ. ಉಗುರುಬೆಚ್ಚಗಿನ ನೀರು, ಹತ್ತು ನಿಮಿಷದೊಳಗೆ ಮುಗಿಸಬೇಕು. ಸೋಪು ಕಂಕುಳು, ತೊಡೆಸಂದಿ, ಪಾದಗಳಿಗಷ್ಟೇ ಸಾಕು. ಸೀಗೆಪುಡಿ, ಕಡಲೆಹಿಟ್ಟು ಸೌಮ್ಯವೆಂದು ನಂಬಿದವರು ಬಹಳ. ಅವೂ ಜಿಡ್ಡು ತೆಗೆಯುವಂಥವೇ. ಎಣ್ಣೆ ಹಚ್ಚಿಕೊಂಡು ಸೀಗೆಪುಡಿಯಿಂದ ತಿಕ್ಕಿ ತೆಗೆದರೆ ಒಣಚರ್ಮಕ್ಕೆ ಲಾಭವೇನು?

ಟವೆಲ್ಲಿನಿಂದ ಉಜ್ಜದೆ, ಒತ್ತಿ ಒರೆಸಿ. ಮೈ ಇನ್ನೂ ತುಸು ತೇವವಿರುವಾಗಲೇ ಪರಿಮಳವಿಲ್ಲದ ಮಾಯಿಶ್ಚರೈಸರ್ ಕ್ರೀಮ್ ಅಥವಾ ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ರೋಮ ಮಲಗಿರುವ ದಿಕ್ಕಿನಲ್ಲಿ. ಮಲಗುವ ಮುನ್ನ ಇನ್ನೊಮ್ಮೆ. ತೆಳ್ಳನೆಯ ಲೋಷನ್ ಇಂಥ ಚರ್ಮಕ್ಕೆ ಸಾಲದು. ಯೂರಿಯಾ ಇರುವ ಕ್ರೀಮ್ ಒಳ್ಳೆಯದೇ, ಆದರೆ ಬಿರುಕಿದ ಜಾಗದಲ್ಲಿ ಉರಿಯುತ್ತದೆ. ಹೆಚ್ಚಿನವರು ಎಡವುವುದು ಪ್ರಮಾಣದಲ್ಲಿ: ಎರಡು ಕಾಲುಗಳಿಗೇ ವಾರಕ್ಕೆ ಸುಮಾರು 100 ಗ್ರಾಂ ಬೇಕು. ಒಂದು ಸಣ್ಣ ಟ್ಯೂಬ್ ತಿಂಗಳು ಬಂದಿತೆಂದರೆ ಹಚ್ಚಿದ್ದು ಸಾಲದು ಎಂದೇ ಅರ್ಥ. ಬಚ್ಚಲಿನಲ್ಲಿ ನಿಂತು ಹಚ್ಚಬೇಡಿ, ಜಾರುತ್ತದೆ. ಜಿಡ್ಡು ಹತ್ತಿದ ಬಟ್ಟೆಗೆ ಬೆಂಕಿ ಬೇಗ ತಗಲುವುದರಿಂದ ಒಲೆ, ದೀಪ, ಬೀಡಿಯಿಂದ ದೂರವಿರಬೇಕು.

ಹೀಗೆ ಎರಡು ವಾರ ಮಾಡಿದರೆ ಬರಿಯ ಒಣಚರ್ಮದ ತುರಿಕೆ ಸಾಕಷ್ಟು ತಗ್ಗುತ್ತದೆ. ತಗ್ಗದಿದ್ದರೆ ವೈದ್ಯರಲ್ಲಿಗೆ ಹೋಗಿ. ಬೆರಳ ಸಂದಿಯಲ್ಲಿ ಗುಳ್ಳೆಗಳಿದ್ದು, ಮನೆಯ ಇತರರೂ ರಾತ್ರಿ ಕೆರೆದುಕೊಳ್ಳುತ್ತಿದ್ದರೆ ಅದು ಕಜ್ಜಿಯಿರಬಹುದು.

ಚರ್ಮದಲ್ಲಿ ಏನೂ ಕಾಣದೆ ಮೈಯೆಲ್ಲ ತುರಿಸಿದರೆ ಬೆನ್ನು ನೋಡಿ. ಕೈಗೆಟುಕುವಲ್ಲೆಲ್ಲ ಗೀರುಗಳಿದ್ದು, ಎಟುಕದ ನಡುಬೆನ್ನು ಮಾತ್ರ ನುಣುಪಾಗಿದ್ದರೆ ಕಾರಣ ಒಳಗಿರಬಹುದು. ಅಂಗೈ, ಅಂಗಾಲು ತುರಿಸುತ್ತ ಮೂತ್ರ ಗಾಢವಾಗಿ, ಕಣ್ಣು ಹಳದಿಯಾದರೆ ಯಕೃತ್ತು ಅಥವಾ ಪಿತ್ತನಾಳದ ತೊಂದರೆಯ ಶಂಕೆ, ತಡಮಾಡಬೇಡಿ. ತೂಕ ಇಳಿಯುವುದು, ರಾತ್ರಿ ಬೆವರುವುದು, ಕತ್ತು ಅಥವಾ ಕಂಕುಳಲ್ಲಿ ಗಂಟು ಜೊತೆಗಿದ್ದರೆ ದುಗ್ಧಗ್ರಂಥಿಯ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮೂತ್ರಪಿಂಡದ ವೈಫಲ್ಯ, ಕಬ್ಬಿಣಾಂಶದ ಕೊರತೆ, ಥೈರಾಯ್ಡ್ ಏರುಪೇರು ಸಹ ತುರಿಕೆ ತರುತ್ತವೆ. ಇವುಗಳಲ್ಲಿ ಹೆಚ್ಚಿನವುಗಳ ಸುಳಿವು ಸಾಮಾನ್ಯ ರಕ್ತಪರೀಕ್ಷೆಗಳಲ್ಲೇ ಸಿಗುತ್ತದೆ.

ವೈದ್ಯರ ಬಳಿ ಹೋಗುವಾಗ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಒಯ್ಯಿರಿ; ಕೆಲವೊಮ್ಮೆ ತುರಿಕೆಗೆ ಅವೇ ಕಾರಣ. ಅಂಗಡಿಯವರು ಕೊಡುವ ನಿದ್ದೆ ಬರಿಸುವ ಅಲರ್ಜಿ ಮಾತ್ರೆ ಮಾತ್ರ ಬೇಡ. ಈ ವಯಸ್ಸಿನಲ್ಲಿ ಅದರಿಂದ ಮಂಪರು, ಗೊಂದಲ, ಮೂತ್ರ ಕಟ್ಟುವುದು, ರಾತ್ರಿ ಎದ್ದಾಗ ಬೀಳುವುದು ಎಲ್ಲವೂ ಆಗಬಹುದು.